ಜೂನ್ 15ರಿಂದ ಜುಲೈ 10ರವರೆಗೆ ಊರಿನಿಂದ ಕೆಲಸ ಮಾಡಲು ಒಪ್ಪಿಗೆ ಕೋರಿ

ನಾಗೇಶ್ ಸರ್,

ನಮಸ್ಕಾರ. ಶುಕ್ರವಾರ ಮೀಟಿಂಗ್ ಮುಗಿದು ಹೊರಗೆ ಬರುವಾಗ ಎರಡು ಮಾತಿನಲ್ಲಿ ಹೇಳಿದ್ದೆ. "ಎಲ್ಲಾ ಬರೆದು ಕಳಿಸಿ, ನೋಡೋಣ" ಅಂದಿರಿ. ಅದಕ್ಕೇ ಈ ಮೇಲ್. ಸ್ವಲ್ಪ ಉದ್ದವಾಗಿದೆ, ಆದರೆ ನೀವು ಕೇಳಬಹುದಾದ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟುಬಿಡೋಣ ಅಂತ.

ನಾನು ಕೇಳುತ್ತಿರುವುದು ಇಷ್ಟು. ಜೂನ್ 15ರ ಸೋಮವಾರದಿಂದ ಜುಲೈ 10ರ ಶುಕ್ರವಾರದವರೆಗೆ ನಾಲ್ಕು ವಾರ ಊರಿನ ಮನೆಯಿಂದ ಕೆಲಸ ಮಾಡಲು ನಿಮ್ಮ ಒಪ್ಪಿಗೆ ಬೇಕು. ನಡುವೆ ತಿಂಗಳ ಕೊನೆಯ ಬಿಲ್ಲಿಂಗ್‌ಗೆ, ಅಂದರೆ ಜೂನ್ 30 ಮತ್ತು ಜುಲೈ 1ರಂದು, ಆಫೀಸಿಗೇ ಬರುತ್ತೇನೆ. ಜುಲೈ 13ರ ಸೋಮವಾರದಿಂದ ಎಂದಿನಂತೆ ನನ್ನ ಸೀಟಿನಲ್ಲಿರುತ್ತೇನೆ.

ಕಾರಣ ನಿಮಗೆ ಗೊತ್ತೇ ಇದೆ. ಜೂನ್ 11ರಂದು ಅಮ್ಮನ ಬಲ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್. ಆ ದಿನಕ್ಕೂ ಮರುದಿನಕ್ಕೂ ರಜೆ ಈಗಾಗಲೇ ಮಂಜೂರಾಗಿದೆ. ಎಲ್ಲಾ ಸರಿಯಾದರೆ ಭಾನುವಾರ ಮನೆಗೆ ಕಳಿಸುತ್ತಾರೆ. ವಾಕರ್ ಹಿಡಿದು ಬೇಗನೇ ನಡೆಸುತ್ತಾರೆ, ನಿಜ. ಆದರೆ ಮೊದಲ ಕೆಲವು ವಾರ ರಾತ್ರಿ ಬಾತ್‌ರೂಮಿಗೆ ಏಳುವಾಗ, ಮಂಚದಿಂದ ಕಾಲು ಕೆಳಗಿಳಿಸುವಾಗ ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಪ್ಪನಿಗೆ 71. ಅವರ ಬೆನ್ನು ನೋವಿಗೆ ಭಾರ ಎತ್ತುವುದು ಆಗುವುದಿಲ್ಲ. ಹಗಲಿನಲ್ಲಿ ಅವರೇ ನೋಡಿಕೊಳ್ಳುತ್ತಾರೆ, ಅಡುಗೆಗೂ ಒಬ್ಬರು ಸಿಕ್ಕಿದ್ದಾರೆ. ನಾನು ಬೇಕಾಗಿರುವುದು ಬೆಳಗ್ಗೆ, ರಾತ್ರಿ, ಮತ್ತು ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್ ಬರುವ ಒಂದು ಗಂಟೆ.

ಹಾಗಾದರೆ ತಿಂಗಳು ಪೂರ್ತಿ ರಜೆ ಯಾಕೆ ಹಾಕಬಾರದು ಅಂತ ನೀವು ಕೇಳಬಹುದು. ನನ್ನ ಹತ್ತಿರ ಉಳಿದಿರುವುದು 11 ದಿನ. ಅದಕ್ಕಿಂತ ಮುಖ್ಯವಾಗಿ, ದಿನವಿಡೀ ರಜೆ ಹಾಕಿ ಕೂರುವಷ್ಟು ಕೆಲಸ ಅಲ್ಲಿ ನನಗಿಲ್ಲ. ಇಲ್ಲಿ ಮಾತ್ರ ಕ್ರೆಡಿಟ್ ನೋಟ್ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ಅದನ್ನು ಈಗ ಇನ್ನೊಬ್ಬರ ಕೈಗೆ ಕೊಟ್ಟರೆ ಹಳೆಯ ಕೋಡ್ ಅರ್ಥವಾಗುವಷ್ಟರಲ್ಲೇ ಎರಡು ವಾರ ಹೋಗುತ್ತದೆ.

ಈಗ ಸಮಯದ ವಿಷಯ. ಬೆಳಗ್ಗೆ 9:30ರಿಂದ ಸಂಜೆ 6:30, ಆಫೀಸಿನ ಸಮಯವೇ. 10 ಗಂಟೆಯ ಸ್ಟ್ಯಾಂಡಪ್‌ಗೆ ಇರುತ್ತೇನೆ. 11ರಿಂದ 12 ಫಿಸಿಯೋಥೆರಪಿ, ಆ ಒಂದು ಗಂಟೆ ಲ್ಯಾಪ್‌ಟಾಪ್ ಮುಂದೆ ಇರುವುದಿಲ್ಲ. ಫೋನ್ ಮಾತ್ರ ಜೇಬಿನಲ್ಲೇ ಇರುತ್ತದೆ. ಆ ಗಂಟೆಯನ್ನು ಸಂಜೆ 7:30ರವರೆಗೆ ಕೂತು ತುಂಬಿಸುತ್ತೇನೆ. ಕ್ಯಾಲೆಂಡರ್‌ನಲ್ಲಿ ಇದನ್ನೆಲ್ಲಾ ಹಾಕುತ್ತೇನೆ, ಆ ಸಮಯಕ್ಕೆ ಯಾರೂ ಗೊತ್ತಿಲ್ಲದೆ ಮೀಟಿಂಗ್ ಇಡದಿರಲಿ. ಬುಧವಾರ 3 ಗಂಟೆಯ ಕ್ಲೈಂಟ್ ಕಾಲ್ ಒಂದೂ ತಪ್ಪುವುದಿಲ್ಲ. ಮೆಸೇಜ್‌ಗೆ 15 ನಿಮಿಷದೊಳಗೆ ಉತ್ತರ ಬರದಿದ್ದರೆ ನೇರ ಫೋನ್ ಮಾಡಿ, ಸಂಕೋಚ ಬೇಡ. ಜೂನ್ 25ರ ಗುರುವಾರ ಹೊಲಿಗೆ ತೆಗೆಸಲು ಆಸ್ಪತ್ರೆಗೆ ಹೋಗಬೇಕು, ಅವತ್ತು ಮಧ್ಯಾಹ್ನ ಅರ್ಧ ದಿನ ರಜೆ. ಕೆಲಸ ಮಾಡುತ್ತಿದ್ದೇನೆ ಅಂತ ಹೇಳಿ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಫೋನ್ ನೋಡುತ್ತಾ ಕೂರುವುದು ನನಗೆ ಇಷ್ಟವಿಲ್ಲ.

ಮುಗಿಸಿ ಕೊಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಕ್ರೆಡಿಟ್ ನೋಟ್. ರಿಕ್ವೆಸ್ಟ್ ಮಧ್ಯದಲ್ಲಿ ನಿಂತು ಮತ್ತೆ ಹೋದಾಗ ಒಂದೇ ನೋಟ್ ಎರಡು ಸಲ ತಯಾರಾಗುತ್ತಿದೆಯಲ್ಲ, ಆ ತೊಂದರೆ. ಪ್ರತಿ ರಿಕ್ವೆಸ್ಟ್‌ಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಹೊಸ ನೋಟ್ ಮಾಡದೆ ಹಳೆಯದನ್ನೇ ಹಿಂದಿರುಗಿಸುವ ಹಾಗೆ ಬದಲಿಸುತ್ತಿದ್ದೇನೆ. ಜೂನ್ 19ರ ಶುಕ್ರವಾರ ಟೆಸ್ಟ್ ಸರ್ವರ್‌ನಲ್ಲಿರುತ್ತದೆ. ಟೆಸ್ಟಿಂಗ್ ತಂಡ ಒಪ್ಪಿದರೆ ಜೂನ್ 24ರ ಬುಧವಾರ ಪ್ರೊಡಕ್ಷನ್‌ಗೆ. 25ರಿಂದ ತಿಂಗಳ ಕೊನೆಯ ಫ್ರೀಜ್ ಶುರುವಾಗುವುದರಿಂದ ಅವತ್ತು ತಪ್ಪಿದರೆ ಜುಲೈಗೇ. ಕೊನೇ ಗಳಿಗೆಯಲ್ಲಿ ಫ್ರೀಜ್‌ನಿಂದ ವಿನಾಯಿತಿ ಕೊಡಿ ಅಂತ ನಾನು ಕೇಳುವುದಿಲ್ಲ.

ಎರಡನೆಯದು ತೆರಿಗೆ ರಿಪೋರ್ಟ್. ಈಗ 40 ನಿಮಿಷ ತೆಗೆದುಕೊಳ್ಳುತ್ತಿದೆ, 10 ನಿಮಿಷಕ್ಕೆ ಇಳಿಸುವುದು ಗುರಿ. ಹೇಗೆ ಮಾಡುತ್ತೇನೆ ಅನ್ನುವ ಎರಡು ಪುಟದ ಟಿಪ್ಪಣಿ ಜೂನ್ 22ಕ್ಕೆ ನಿಮ್ಮ ಕೈಗೆ, ಕೋಡ್ ಜುಲೈ 7ಕ್ಕೆ ರಿವ್ಯೂಗೆ. ನಿಜ ಹೇಳಬೇಕೆಂದರೆ ಇದು ಮನೆಯ ನಿಶ್ಶಬ್ದದಲ್ಲೇ ಚೆನ್ನಾಗಿ ಆಗುವ ಕೆಲಸ. ಆಫೀಸಿನಲ್ಲಿ ಮೂರು ಸಲ ಹಿಡಿದು ಮೂರು ಸಲ ಬಿಟ್ಟಿದ್ದೇನೆ. ಕಿರಣ್‌ಗೆ ಕಲಿಸುವುದು ನಿಲ್ಲುವುದಿಲ್ಲ. ದಿನಾ 4 ಗಂಟೆಗೆ ಅರ್ಧ ಗಂಟೆ ಸ್ಕ್ರೀನ್ ಶೇರ್ ಮಾಡಿಕೊಂಡು ಕೂರುತ್ತೇವೆ, ಅವನಿಗೆ ಹೇಳಿಯಾಗಿದೆ.

ದೂರದಿಂದ ಆಗದ ಕೆಲಸವೂ ಒಂದಿದೆ. ಬಾರ್‌ಕೋಡ್ ಪ್ರಿಂಟರ್ ಕೈಕೊಟ್ಟರೆ ಯಾರಾದರೂ ಎದ್ದು ಹೋಗಿ ಮುಚ್ಚಳ ತೆಗೆದು ನೋಡಲೇಬೇಕು. ರಮ್ಯಾ ಇದನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಜೂನ್ 22ರಿಂದ 28ರವರೆಗಿನ ನನ್ನ ಆನ್‌ಕಾಲ್ ಪಾಳಿಯನ್ನೂ ಅವರೇ ತೆಗೆದುಕೊಳ್ಳುತ್ತಾರೆ. ಬದಲಿಗೆ ಜುಲೈ 13ರಿಂದ 19ರವರೆಗಿನ ಅವರ ಪಾಳಿ ನನ್ನದು. ಇದಕ್ಕೆ ಅವರು ಒಪ್ಪಿದ್ದು ಒಳ್ಳೆಯ ಮನಸ್ಸಿನಿಂದ, ನೀವೂ ಒಂದು ಸಲ ಅವರನ್ನು ಕೇಳಿಬಿಡಿ. ನನ್ನೆದುರು "ಪರವಾಗಿಲ್ಲ" ಅಂದವರು ನಿಮ್ಮ ಹತ್ತಿರ ಬೇರೆ ಹೇಳಬಹುದು, ಅಲ್ವಾ?

ಇನ್ನು ಇಂಟರ್‌ನೆಟ್. ಹೋದ ವರ್ಷ ಊರಿನಿಂದ ಎರಡು ದಿನ ಕೆಲಸ ಮಾಡಿದಾಗ ಏನಾಯಿತು ಅನ್ನುವುದು ನಿಮಗೂ ನೆನಪಿದೆ, ನನಗಂತೂ ಮರೆತಿಲ್ಲ. ಡೆಮೋ ನಡುವೆ ಕರೆಂಟ್ ಹೋಯಿತು, ನಾನು ಮಾಯವಾದೆ, ಉಳಿದ ಇಪ್ಪತ್ತು ನಿಮಿಷ ನೀವೇ ನಿಭಾಯಿಸಿದಿರಿ. ತಪ್ಪು ನನ್ನದೇ, ಯಾವ ತಯಾರಿಯೂ ಇಲ್ಲದೆ ಹೋಗಿದ್ದೆ. ಹಾಗಾಗಿ ಈ ಸಲ ಕೇಳುವ ಮೊದಲೇ ಪರೀಕ್ಷೆ ಮಾಡಿದೆ. ಈ ಶನಿವಾರ ಊರಿಗೆ ಹೋಗಿದ್ದಾಗ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿ, ಕಿರಣ್ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು, ಅಪ್ಪನಿಗೆ ಮೇನ್ ಸ್ವಿಚ್ ಆಫ್ ಮಾಡಲು ಹೇಳಿದೆ. ಫ್ಯಾನ್ ನಿಂತಿತು, ಒಳಗಿನಿಂದ ಅಮ್ಮ "ಏನಾಯ್ತೋ" ಅಂತ ಕೂಗಿದರು, ಕಾಲ್ ಮಾತ್ರ ಕಟ್ ಆಗಲಿಲ್ಲ. ಯುಪಿಎಸ್ ಮೂರು ಗಂಟೆ ಹತ್ತು ನಿಮಿಷ ಬಂತು. ಆಮೇಲೆ ರೂಟರನ್ನೂ ಆಫ್ ಮಾಡಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ವಿಪಿಎನ್ ಹಾಕಿ ನೋಡಿದೆ. ಕೋಡ್ ಎಳೆದುಕೊಳ್ಳುವುದು, ಕಳಿಸುವುದು, ಮಾತು ಎಲ್ಲಾ ಸಲೀಸು. ವಿಡಿಯೋ ಮಾತ್ರ ಆಗಾಗ ನಿಲ್ಲುತ್ತಿತ್ತು. ಅಂದರೆ ಲೈನ್ ಪೂರ್ತಿ ಹೋದ ದಿನ ನನ್ನ ದನಿ ಕೇಳುತ್ತದೆ, ಮುಖ ಕಾಣದಿರಬಹುದು. ಮಹಡಿಯ ಕೋಣೆಯಲ್ಲಿ ವೈಫೈ ಸರಿಯಾಗಿ ಬರುವುದಿಲ್ಲ ಅಂತ ಮೇಜನ್ನು ಕೆಳಗೆ, ರೂಟರ್ ಇರುವ ಕೋಣೆಗೇ ಇಳಿಸಿದ್ದೇವೆ.

ಆ ಕೋಣೆಗೆ ಬಾಗಿಲಿದೆ, ಅದು ಮುಖ್ಯ. ಅಮ್ಮನನ್ನು ನೋಡಲು ಬರುವವರು ಜಾಸ್ತಿ ಇರುತ್ತಾರೆ. ಕೆಲಸದ ಸಮಯದಲ್ಲಿ ಬಾಗಿಲು ಹಾಕಿರುತ್ತದೆ, ಎದ್ದು ಹೋಗುವಾಗ ಸ್ಕ್ರೀನ್ ಲಾಕ್. ಆಫೀಸಿನ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾವುದರಲ್ಲೂ ಲಾಗಿನ್ ಆಗುವುದಿಲ್ಲ, ಎಲ್ಲವೂ ವಿಪಿಎನ್ ಮೂಲಕವೇ. ಗ್ರಾಹಕರ ನಿಜವಾದ ಡೇಟಾ ನನ್ನ ಲ್ಯಾಪ್‌ಟಾಪಿಗೆ ಇಳಿಯುವುದಿಲ್ಲ, ಪರೀಕ್ಷೆಗೆ ನಕಲಿ ಡೇಟಾ ಸಾಕು.

ತಿಂಗಳ ಕೊನೆಗೆ ಆಫೀಸಿಗೆ ಬರುವುದು ಯಾಕೆ ಅಂದರೆ, ಬಿಲ್ಲಿಂಗ್ ಓಡುವ ರಾತ್ರಿ ಅಕೌಂಟ್ಸ್‌ನವರು ಕಾಗದ ಹಿಡಿದು ನಮ್ಮ ಸೀಟಿಗೇ ಬಂದು "ಈ ಮೊತ್ತ ಯಾಕೆ ಹೀಗೆ?" ಅಂತ ಕೇಳುತ್ತಾರೆ. ಅದನ್ನು ಫೋನ್‌ನಲ್ಲಿ ಬಿಡಿಸುವುದು ಕಷ್ಟ, ಪ್ರಯತ್ನ ಮಾಡಿ ನೋಡುವ ದಿನವೂ ಅದಲ್ಲ. ಜೂನ್ 29ರ ಕೆಲಸ ಮುಗಿಸಿ ರಾತ್ರಿ ಬಸ್ ಹತ್ತಿದರೆ 30ರ ಬೆಳಗ್ಗೆ ಆಫೀಸಿನಲ್ಲಿರುತ್ತೇನೆ. ಜುಲೈ 1ರ ರಾತ್ರಿ ವಾಪಸ್. ಆ ಎರಡು ದಿನಕ್ಕೆ ಅಕ್ಕ ಬಂದು ಅಮ್ಮನ ಜೊತೆ ಇರುತ್ತಾರೆ. ಜುಲೈ 2ರ ಬೆಳಗ್ಗೆ ಅರ್ಧ ದಿನ ರಜೆ ಹಾಕುತ್ತೇನೆ, ಹಿಂದಿನ ರಾತ್ರಿ ಬಸ್ಸಿನಲ್ಲಿ ಕಳೆದವನ ಕೋಡ್ ಯಾರಿಗೂ ಬೇಡ.

ನಿಮಗೆ ತಿಳಿಯಲು ಪ್ರತಿ ಶುಕ್ರವಾರ 5 ಗಂಟೆಗೆ ಐದಾರು ಸಾಲಿನ ಮೇಲ್ ಕಳಿಸುತ್ತೇನೆ: ಏನು ಮುಗಿಯಿತು, ಏನು ನಿಂತಿದೆ, ಯಾರಿಂದ ಏನು ಬೇಕು. ಜೂನ್ 26ರ ಶುಕ್ರವಾರ ನಾವಿಬ್ಬರೂ 20 ನಿಮಿಷ ಮಾತಾಡೋಣ. ಎರಡು ವಾರದಲ್ಲಿ ಈ ಏರ್ಪಾಡು ನಡೆಯುತ್ತಿಲ್ಲ ಅಂತ ನಿಮಗನ್ನಿಸಿದರೆ ಅವತ್ತು ನೇರವಾಗಿ ಹೇಳಿ. ಆಗ ಜುಲೈ 1ರ ನಂತರ ಊರಿಗೆ ಮರಳುವ ಬದಲು ಇಲ್ಲೇ ಉಳಿಯುತ್ತೇನೆ, ಅಕ್ಕ ಇನ್ನೊಂದು ವಾರ ಇರಲು ಒಪ್ಪಿದ್ದಾರೆ. ಅಮ್ಮನ ಸ್ಥಿತಿ ಬೇರೆ ರೀತಿ ಆಗಿ ನನಗೇ ಕೆಲಸದ ಕಡೆ ಗಮನ ಕೊಡಲಾಗದಿದ್ದರೆ, ಎಳೆದಾಡದೆ ಅವತ್ತೇ ಹೇಳಿ ಉಳಿದ ರಜೆ ಹಾಕುತ್ತೇನೆ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ತಂಡದಲ್ಲಿ "ಅವನಿಗೆ ಕೊಟ್ಟಿರಿ, ನಮಗೆ?" ಅಂತ ಯಾರಾದರೂ ಕೇಳಬಹುದು. ನೀವು ಒಪ್ಪಿದರೆ ಸೋಮವಾರದ ಮೀಟಿಂಗ್‌ನಲ್ಲಿ ಕಾರಣವನ್ನೂ ದಿನಾಂಕಗಳನ್ನೂ ನಾನೇ ಎಲ್ಲರ ಮುಂದೆ ಹೇಳುತ್ತೇನೆ. ಮುಚ್ಚಿಡುವಂಥದ್ದು ಏನೂ ಇಲ್ಲ, ಉತ್ತರಿಸುವ ಭಾರ ನಿಮ್ಮ ಮೇಲೆ ಬೀಳುವುದೂ ಬೇಡ.

ಈ ಶುಕ್ರವಾರ, ಮೇ 22ರೊಳಗೆ ತಿಳಿಸಿದರೆ ಎಚ್‌ಆರ್ ಫಾರ್ಮ್ ತುಂಬಿ, ಜೂನ್ 29ರ ಬಸ್ ಟಿಕೆಟ್ ಮಾಡಿಸುತ್ತೇನೆ. ದಿನಾಂಕದಲ್ಲೋ ಕೆಲಸದ ಪಟ್ಟಿಯಲ್ಲೋ ಏನಾದರೂ ಬದಲಿಸಬೇಕು ಅನ್ನಿಸಿದರೆ ನಾಳೆ ಮಧ್ಯಾಹ್ನ 2ರಿಂದ 4ರವರೆಗೆ ನಾನು ಬಿಡುವಾಗಿದ್ದೇನೆ, ನಿಮ್ಮ ಕ್ಯಾಬಿನ್‌ಗೆ ಬರುತ್ತೇನೆ.

ವಂದನೆಗಳೊಂದಿಗೆ,
ಪ್ರಸನ್ನ
ಬಿಲ್ಲಿಂಗ್ ತಂಡ
ಮೇ 18, ಸೋಮವಾರ