ಟ್ರೈಪ್ಲೈ ಬಾಣಲೆ, ನಾನ್‌ಸ್ಟಿಕ್ ದೋಸೆ ತವಾ, ಬೀಡು ಕಬ್ಬಿಣದ ಕಾವಲಿ

ಟ್ರೈಪ್ಲೈ ಸ್ಟೀಲ್ ಬಾಣಲೆ, 24 ಸೆಂ.ಮೀ., ಗಾಜಿನ ಮುಚ್ಚಳ ಸಹಿತ. ₹2,190

ಒಳಪದರ 304 ಸ್ಟೀಲ್, ನಡುವೆ ಅಲ್ಯೂಮಿನಿಯಂ, ಹೊರಗೆ ಅಯಸ್ಕಾಂತ ಹಿಡಿಯುವ 430 ಸ್ಟೀಲ್. ಒಟ್ಟು ದಪ್ಪ 2.5 ಮಿ.ಮೀ. ಗ್ಯಾಸ್, ಇಂಡಕ್ಷನ್ ಎರಡಕ್ಕೂ ಆಗುತ್ತದೆ. ಚಪ್ಪಟೆ ತಳ 15 ಸೆಂ.ಮೀ.

ಅಂಚಿನವರೆಗೆ ತುಂಬಿದರೆ 2.5 ಲೀಟರ್. ಅಡುಗೆಗೆ 1.8 ಲೀಟರ್ ಅಂತಲೇ ಲೆಕ್ಕ ಹಾಕಿ. ಕಾಲು ಕೆಜಿ ರವೆಯ ಉಪ್ಪಿಟ್ಟನ್ನು ಚೆಲ್ಲದೆ ಕೆದಕಬಹುದು, ಅರ್ಧ ಕೆಜಿಗೆ ಸಾಲದು.

ಲೇಪನವಿಲ್ಲ, ಹಾಗಾಗಿ ಕಾಯುವ ಮೊದಲೇ ಎಣ್ಣೆ ಸುರಿದರೆ ತಳ ಹಿಡಿಯುತ್ತದೆ. ಮಧ್ಯಮ ಉರಿಯಲ್ಲಿ ಬಿಸಿ ಮಾಡಿ ನೀರಿನ ಹನಿ ಹಾಕಿ ನೋಡಿ: ಚುರ್ ಎಂದು ಆರಿದರೆ ಇನ್ನೂ ಕಾಯಬೇಕು, ಮುತ್ತಿನಂತೆ ಉರುಳಾಡಿದರೆ ಎಣ್ಣೆ ಹಾಕಿ. ಉಪ್ಪನ್ನು ನೀರು ಕುದಿದ ಮೇಲೆ ಹಾಕಿ. ತಣ್ಣೀರಿನಲ್ಲಿ ಕರಗದೆ ತಳದಲ್ಲಿ ಕೂತ ಉಪ್ಪು ಸ್ಟೀಲಿನಲ್ಲಿ ಸಣ್ಣ ಗುಳಿ ಕೊರೆಯುತ್ತದೆ, ಅದನ್ನು ಉಜ್ಜಿ ತೆಗೆಯಲಾಗದು. ಕಾಮನಬಿಲ್ಲಿನ ಬಣ್ಣದ ಕಲೆ ಮಾತ್ರ ನಿಂಬೆಹುಳಿಗೆ ಹೋಗುತ್ತದೆ.

ಒವನ್: ಬಾಣಲೆ 260° ಸೆ. ವರೆಗೆ, ಮುಚ್ಚಳ 180° ಮಾತ್ರ. ಹಿಡಿಗಳೂ ಸ್ಟೀಲೇ, ಬಟ್ಟೆಯಿಲ್ಲದೆ ಮುಟ್ಟಬೇಡಿ.

ನಾನ್‌ಸ್ಟಿಕ್ ದೋಸೆ ತವಾ, 28 ಸೆಂ.ಮೀ. ₹1,290

4 ಮಿ.ಮೀ. ಅಲ್ಯೂಮಿನಿಯಂ, ಮೂರು ಪದರದ ಪಿಟಿಎಫ್ಇ ಲೇಪನ, ಬೇಕಲೈಟ್ ಹಿಡಿ. ತಳಕ್ಕೆ 18 ಸೆಂ.ಮೀ. ಸ್ಟೀಲ್ ತಟ್ಟೆ ಕೂರಿಸಿರುವುದರಿಂದ ಇಂಡಕ್ಷನ್ ಮೇಲೂ ನಡೆಯುತ್ತದೆ. ಆದರೆ ಕಾವು ಹುಟ್ಟುವುದು ಆ ತಟ್ಟೆಯಲ್ಲೇ. ದೋಸೆಯ ಅಂಚು ನಡುವಿನಷ್ಟು ಗರಿಯಾಗದು. ಪೂರ್ತಿ ಅಗಲದ ಗರಿಗರಿ ದೋಸೆ ಬೇಕೆಂದರೆ ಗ್ಯಾಸೇ ಸರಿ.

ಖಾಲಿ ತವಾವನ್ನು ಜೋರು ಉರಿಯಲ್ಲಿ ಬಿಡಬೇಡಿ. 260° ದಾಟಿದರೆ ಲೇಪನ ಹಾಳಾಗತೊಡಗುತ್ತದೆ, ಆ ಹೊಗೆ ಸಾಕಿದ ಗಿಳಿಗಳ ಜೀವಕ್ಕೇ ಅಪಾಯ. ಎರಡು ದೋಸೆಗಳ ನಡುವೆ ನೀರು ಚಿಮುಕಿಸುವ ಅಭ್ಯಾಸ ಇಲ್ಲಿ ಬೇಡ: ತವಾ ಸೊಟ್ಟಗಾಗಿ ಹಿಟ್ಟು ಒಂದು ಕಡೆಗೆ ಹರಿಯುತ್ತದೆ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಮರದ ಇಲ್ಲವೇ ಸಿಲಿಕೋನ್ ಸಟ್ಟುಗ, ಮೆತ್ತನೆ ಸ್ಪಂಜು. ಸ್ಟೀಲ್ ನಾರು ಬೇಡ. ಒಂದರ ಮೇಲೊಂದು ಜೋಡಿಸುವಾಗ ನಡುವೆ ಬಟ್ಟೆ ಹಾಸಿ.

ಒವನ್: ಇಡಬೇಡಿ, ಹಿಡಿ ತಡೆಯದು.

ಬೀಡು ಕಬ್ಬಿಣದ ಕಾವಲಿ, 28 ಸೆಂ.ಮೀ., 2.6 ಕೆಜಿ. ₹1,450

ಎಣ್ಣೆಯಲ್ಲಿ ಪಳಗಿಸಿಯೇ ಕಳಿಸುತ್ತೇವೆ. ಆದರೂ ಮೊದಲ ಮೂರ್ನಾಲ್ಕು ದೋಸೆ ಏಳದಿದ್ದರೆ ಕಾವಲಿ ಕೆಟ್ಟಿದೆ ಅಂದುಕೊಳ್ಳಬೇಡಿ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತಾ ಹೋಗಿ.

ಇಂಡಕ್ಷನ್‌ನಲ್ಲಿ ಮೊದಲ ಐದು ನಿಮಿಷ ಕಡಿಮೆ ಕಾವು. ಒಮ್ಮೆಲೇ ಏರಿಸಿದರೆ ಬಿರುಕು ಬಿಡಬಹುದು. ಒಲೆಯ ಗಾಜಿನ ಮೇಲೆ ಎಳೆಯದೆ ಎತ್ತಿ ಇಡಿ. ಹುಳಿ ಗೊಜ್ಜು ಕುದಿಸಿದರೆ ಪಳಗಿದ ಪದರ ಕರಗುತ್ತದೆ. ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ ಎಣ್ಣೆ ಸವರಿ.

ಒವನ್: 250° ವರೆಗೂ ಸರಿ. ತುಕ್ಕು ಬಂದರೆ ಉಜ್ಜಿ ತೆಗೆದು, ತೆಳ್ಳಗೆ ಎಣ್ಣೆ ಹಚ್ಚಿ ಒರೆಸಿ, 220° ಒವನ್‌ನಲ್ಲಿ ಒಂದು ಗಂಟೆ ಬೋರಲು ಇಡಿ. ಎಣ್ಣೆ ಹೆಚ್ಚಾದರೆ ಅಂಟಂಟಾಗಿ ಕೂರುತ್ತದೆ.