ಕಿಟಕಿಯ ಒಳಗಿನವರಿಗೆ

ವೇದಿಕೆಯ ಮೇಲಿರುವ ಹಿರಿಯರಿಗೆ, ವಾರ್ಡುಗಳಿಂದ ಬಿಡುವು ಮಾಡಿಕೊಂಡು ಬಂದ ಸಿಸ್ಟರ್‌ಗಳಿಗೆ, ನಮ್ಮ ಔಷಧ ವಿಭಾಗದ ತಮ್ಮ ತಂಗಿಯರಿಗೆ ನಮಸ್ಕಾರ.

ನನ್ನನ್ನು ಬೀಳ್ಕೊಡುವ ಈ ದಿನ ಶಾಲು ಹೊದಿಸಿದಿರಿ, ಒಳ್ಳೆಯ ಮಾತಾಡಿದಿರಿ. ಮನಸ್ಸು ತುಂಬಿದೆ. ಇನ್ನು ನನ್ನ ಮಾತು ಹೆಚ್ಚಾಗಿ ನಾಳೆಯಿಂದ ಔಷಧಿ ಕಿಟಕಿಯಲ್ಲಿ ಕೂರುವವರಿಗೆ. ಉಳಿದವರು ಸ್ವಲ್ಪ ತಡೆದುಕೊಳ್ಳಬೇಕು.

ನಮ್ಮ ವಿಜಯಪುರದ ಆಸ್ಪತ್ರೆಗೆ ಇಂಡಿ, ಸಿಂದಗಿ, ತಿಕೋಟಾ ಕಡೆಯಿಂದ ಜನ ಬೆಳಗಿನ ಬಸ್ಸಿಗೆ ಬರುತ್ತಾರೆ. ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರ ಹತ್ತಿರ ಒಂದು, ರಕ್ತ ಕೊಡಲು ಇನ್ನೊಂದು. ನಮ್ಮದು ಕೊನೆಯ ಸಾಲು. ಅಷ್ಟೊತ್ತಿಗೆ ಅವರಿಗೆ ಹಸಿವಾಗಿರುತ್ತದೆ, ಊರಿನ ಬಸ್ಸಿನ ಚಿಂತೆ ಶುರುವಾಗಿರುತ್ತದೆ. ಸ್ಟ್ರಿಪ್ಪಿನ ಮೇಲಿನ ಇಂಗ್ಲಿಷು ಬಹಳ ಜನಕ್ಕೆ ಓದಲು ಬರುವುದಿಲ್ಲ. ಆದರೂ ನಾವು ಕೊಟ್ಟದ್ದನ್ನು ಅದೇ ರಾತ್ರಿ ನುಂಗುತ್ತಾರೆ. ಡಾಕ್ಟರ ಚೀಟಿಯಲ್ಲಿ ಹೆಚ್ಚುಕಮ್ಮಿ ಇದ್ದರೆ ನಾವು ಹಿಡಿಯಬಹುದು. ನಮ್ಮ ಕೈಯಲ್ಲಿ ಹೆಚ್ಚುಕಮ್ಮಿ ಆದರೆ ಹಿಡಿಯುವವರು ಮುಂದೆ ಯಾರೂ ಇಲ್ಲ. ನಾನು ಇಷ್ಟು ವರ್ಷ ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದೇನೆ.

ಅದಕ್ಕೇ ಹೆಸರನ್ನು ಮೂರು ಸಲ ಓದಿ ಅನ್ನುತ್ತಿದ್ದೆ. ರ‍್ಯಾಕಿನಿಂದ ತೆಗೆಯುವಾಗ, ಎಣಿಸುವಾಗ, ಕೈಗೆ ಕೊಡುವಾಗ. ಇಂಗ್ಲಿಷ್ ಅಕ್ಷರದ ಪ್ರಕಾರ ಜೋಡಿಸಿದರೆ ಮೆಟ್‌ಫಾರ್ಮಿನ್ ಹತ್ತಿರವೇ ಮೆಟ್ರೊನಿಡಜೋಲ್ ಬಂದು ಕೂರುತ್ತದೆ. ಒಂದು ಸಕ್ಕರೆ ಕಾಯಿಲೆಗೆ, ಇನ್ನೊಂದು ಸೋಂಕಿಗೆ. ಇವೆರಡನ್ನು ನಾನು ಬೇರೆ ಬೇರೆ ರ‍್ಯಾಕಿಗೆ ಹಾಕಿಸಿದ್ದೇನೆ. ಅಂದ ಕಾಣುವುದಿಲ್ಲ ಅಂತ ಯಾರೂ ವಾಪಸ್ ಸೇರಿಸಬೇಡಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿ ರೋಗಿಯ ಕೈಗೆ ಹೋಗುತ್ತದೋ ಇಲ್ಲವೋ ನೋಡಿ.

ಮಕ್ಕಳ ಔಷಧಿಗೆ ಇನ್ನೂ ಜಾಸ್ತಿ ಹೊತ್ತು ಕೊಡಿ. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ಐದು ಎಂ.ಎಲ್.ಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100 ಇರುತ್ತದೆ. ಡ್ರಾಪ್ಸನ್ನು ಸಿರಪ್ಪಿನ ಹಾಗೆ ಐದು ಎಂ.ಎಲ್. ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ಆ ತಾಯಿಗೆ ಇದು ಹೇಗೆ ಗೊತ್ತಾಗಬೇಕು? ಬಾಟಲಿ ಜೊತೆ ಬಂದ ಅಳತೆಯ ಮುಚ್ಚಳವನ್ನೋ ಡ್ರಾಪರನ್ನೋ ಕೈಯಲ್ಲಿ ಹಿಡಿದು, ಯಾವ ಗೆರೆಯವರೆಗೆ ಅಂತ ಪೆನ್ನಿನಲ್ಲಿ ಗುರುತು ಹಾಕಿ ಕೊಡಿ.

ಇನ್ಸುಲಿನ್ ವಿಷಯದಲ್ಲಿ ಗಡಿಬಿಡಿ ಬೇಡವೇ ಬೇಡ. ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಬಾಟಲಿ, ಸಿರಿಂಜು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಕೊಡಿ. ನಮ್ಮ ಏಪ್ರಿಲ್, ಮೇ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಫ್ರಿಜ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಒದ್ದೆ ಮಣ್ಣಿನ ಗಡಿಗೆಯಲ್ಲಿ, ಬಾಟಲಿಗೆ ನೀರು ತಾಗದ ಹಾಗೆ, ನೆರಳಿನಲ್ಲಿ ಇಡುವುದನ್ನು ತೋರಿಸಿಕೊಡಿ. ಫ್ರಿಜ್ ಇದ್ದವರಿಗೆ ಫ್ರೀಜರಿನಲ್ಲಿ ಇಡಬೇಡಿ ಅನ್ನಿ. ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ.

ಮೆಥೊಟ್ರೆಕ್ಸೇಟ್ ಬಂದಾಗ ಕೈ ನಿಲ್ಲಬೇಕು. ಸಂಧಿವಾತಕ್ಕೆ ಅದನ್ನು ಕೊಡುವುದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಯಾವ ದಿನ ಅಂತ ಅವರಿಂದಲೇ ಹೇಳಿಸಿ, ಕವರಿನ ಮೇಲೆ ಕನ್ನಡದಲ್ಲಿ ‘ಸೋಮವಾರ ಮಾತ್ರ’ ಅಂತ ದೊಡ್ಡದಾಗಿ ಬರೆಯಿರಿ. ಚೀಟಿಯಲ್ಲಿ ದಿನಾ ಅಂತ ಇದ್ದರೆ ಡಾಕ್ಟರಿಗೆ ಫೋನ್ ಮಾಡದೆ ಒಂದು ಗುಳಿಗೆಯನ್ನೂ ಕೊಡಬೇಡಿ. ಫೋನ್ ಮಾಡಲು ಸಂಕೋಚ ಯಾಕೆ? ರೋಗಿಯ ಮುಂದೆ ಜೋರಾಗಿ ಬೇಡ, ಅಷ್ಟೇ. ‘ಸರ್, ಇದನ್ನೊಮ್ಮೆ ನೋಡ್ತೀರಾ’ ಅಂದರೆ ಒಳ್ಳೆಯ ಡಾಕ್ಟರು ಯಾರೂ ಬೇಜಾರಾಗುವುದಿಲ್ಲ. ಒಬ್ಬರು ಸಿಟ್ಟಾದರೂ ಪರವಾಗಿಲ್ಲ, ಕೇಳಿ.

ಈಗ ತಾಳ್ಮೆಯ ಮಾತು. ಹಿಂದಿನ ತಿಂಗಳು ಬಿಳಿ ಸ್ಟ್ರಿಪ್ ಬಂದಿತ್ತು, ಈ ತಿಂಗಳು ನೀಲಿ ಬಂದಿದೆ. ಔಷಧಿ ಒಂದೇ, ಕಂಪನಿ ಬೇರೆ. ಆದರೆ ಮನೆಯಲ್ಲಿ ಬಿಳಿಯದು ಇನ್ನೂ ಉಳಿದಿದೆ. ಅಜ್ಜ ಎರಡನ್ನೂ ನುಂಗಲು ಶುರು ಮಾಡುತ್ತಾರೆ. ‘ಸಾಹೇಬ್ರ, ಗುಳಗಿ ಬದಲಿ ಮಾಡ್ಯಾರೇನ್ರಿ?’ ಅಂತ ಒಬ್ಬರು ಕೇಳಿದರೆ, ಹತ್ತು ಜನ ಕೇಳದೇ ಹೋಗುತ್ತಾರೆ. ಹಾಗಾಗಿ ಬಣ್ಣ ಬದಲಾದ ದಿನ ನಾವೇ ಹೇಳಬೇಕು. ಬಿಪಿ, ಶುಗರ್ ಇದ್ದವರಿಗೆ ಮುಂದಿನ ಸಲ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತರಲು ಹೇಳಿ. ಆ ಚೀಲ ಬಿಚ್ಚಿದಾಗ ಏನೆಲ್ಲ ಸಿಗುತ್ತದೆ! ಪಕ್ಕದ ಮನೆಯವರು ಕೊಟ್ಟ ನೋವಿನ ಗುಳಿಗೆ ಸಿಗುತ್ತದೆ. ಕಿಡ್ನಿ ಕೆಟ್ಟವರಿಗೆ ಅದೇ ವಿಷ.

‘ಊಟಕ್ಕೆ ಮೊದಲು’ ಅಂತ ಬರೆದು ಸುಮ್ನೆ ಕೊಟ್ಟುಬಿಡಬೇಡಿ. ನಸುಕಿನಲ್ಲಿ ಚಹಾ ಕುಡಿದು ಹೊಲಕ್ಕೆ ಹೋಗಿ, ಹತ್ತಕ್ಕೋ ಹನ್ನೊಂದಕ್ಕೋ ಬುತ್ತಿ ಬಿಚ್ಚುವವರಿಗೆ ಬೆಳಗಿನ ಊಟ ಅಂದರೆ ಯಾವಾಗ? ಕೇಳಿ ತಿಳಿದುಕೊಳ್ಳಿ. ಗ್ಲಿಮೆಪಿರೈಡ್ ತರಹದ ಗುಳಿಗೆ ನುಂಗಿ ರೊಟ್ಟಿ ತಿನ್ನದಿದ್ದರೆ ಸಕ್ಕರೆ ಕುಸಿದು, ಬೆವರಿ, ತಲೆ ಸುತ್ತಿ ಹೊಲದಲ್ಲೇ ಬೀಳುತ್ತಾರೆ. ನಮ್ಮ ಊರಿನಲ್ಲಿ ರಂಜಾನಿನ ರೋಜಾ ಇದೆ, ಶ್ರಾವಣ ಸೋಮವಾರ ಇದೆ, ಏಕಾದಶಿ ಇದೆ. ಉಪವಾಸ ಮಾಡಬೇಡಿ ಅಂತ ಗದರಿಸಿದರೆ ಅವರು ಹೂಂ ಅಂದು ಮುಚ್ಚಿಟ್ಟು ಮಾಡುತ್ತಾರೆ. ‘ಉಪವಾಸ ಹಿಡಿತೀರೇನ್ರಿ?’ ಅಂತ ಮೆತ್ತಗೆ ಕೇಳಿದರೆ ನಿಜ ಹೇಳುತ್ತಾರೆ. ಹಬ್ಬಕ್ಕೆ ಮೊದಲೇ ಡಾಕ್ಟರ ಹತ್ತಿರ ಕಳಿಸಿ. ಡೋಸು ನೀವೇ ಬದಲಿಸಬೇಡಿ. ಆದರೆ ಕೇಳುವ ಕೆಲಸ ನಿಮ್ಮದು.

ಎಲ್ಲ ಹೇಳಿ ಮುಗಿಸಿದ ಮೇಲೆ ‘ತಿಳೀತಾ?’ ಅಂತ ಕೇಳುವುದರಿಂದ ಉಪಯೋಗವಿಲ್ಲ. ಎಲ್ಲರೂ ತಿಳೀತು ಅನ್ನುತ್ತಾರೆ. ‘ಮನಿಗೆ ಹೋಗಿ ಹೆಂಗ ತಗೋತೀರಿ, ಹೇಳ್ರಿ ನೋಡೋಣ’ ಅನ್ನಿ. ಮರಾಠಿ, ಉರ್ದು, ಲಂಬಾಣಿ ಮಾತಾಡುವವರು ಬಂದರೆ ಅವರ ಭಾಷೆಯ ನಾಲ್ಕು ಮಾತು ಕಲಿಯಿರಿ: ಬೆಳಗ್ಗೆ, ರಾತ್ರಿ, ಊಟದ ನಂತರ, ಬೇಡ. ಮತ್ತೆ, ಟಿಬಿ ಔಷಧಿಯ ಹೆಸರನ್ನು ಸಾಲಿಗೆಲ್ಲ ಕೇಳುವ ಹಾಗೆ ಕೂಗಬೇಡಿ. ಒಮ್ಮೆ ನಾಚಿಕೆಯಾದವರು ಮತ್ತೆ ಕಿಟಕಿಗೆ ಬರುವುದಿಲ್ಲ. ಔಷಧಿ ಅರ್ಧಕ್ಕೆ ನಿಲ್ಲುತ್ತದೆ.

ಔಷಧಿಯಿಂದ ತುರಿಕೆ, ಗುಳ್ಳೆ, ಬಾವು ಏನೇ ಬಂದರೂ ಮೊದಲು ರೋಗಿಯನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ವರದಿ ಫಾರಂ ತುಂಬಿ. ಡಾಕ್ಟರೇ ತುಂಬಬೇಕು ಅಂತಿಲ್ಲ, ನಾವೂ ತುಂಬಬಹುದು. 1800-180-3024ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹಾಗೆಯೇ ಕೌಂಟರಿನಲ್ಲಿ ಕೊನೇ ಗಳಿಗೆಗೆ ಹಿಡಿದ ತಪ್ಪನ್ನೂ ನಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆದವರನ್ನು ಬೈಯುವ ಹಾಗಿಲ್ಲ. ಹಿರಿಯರಲ್ಲಿ ಇದೊಂದು ನನ್ನ ವಿನಂತಿ, ಬೈದರೆ ಮರುದಿನದಿಂದ ಪುಟ ಖಾಲಿ ಉಳಿಯುತ್ತದೆ, ತಪ್ಪು ಮಾತ್ರ ನಿಲ್ಲುವುದಿಲ್ಲ. ಮಧ್ಯಾಹ್ನ ಸಾಲು ಬೆಳೆದಾಗ ಕಿಟಕಿಗೆ ಇನ್ನೊಬ್ಬರನ್ನು ಕೊಡಿ ಅಂತಲೂ ಕೇಳಿಕೊಳ್ಳುತ್ತೇನೆ. ತಾಳ್ಮೆಯಿಂದ ಇರಿ ಅಂತ ಈ ಮಕ್ಕಳಿಗೆ ಹೇಳಿದರೆ ಸಾಲದು, ಅದಕ್ಕೆ ಹೊತ್ತನ್ನೂ ಕೊಡಬೇಕು.

ಸ್ಟಾಕ್ ರಿಜಿಸ್ಟರ್, ಬೀಗದ ಕೈ ಬೆಳಗ್ಗೆಯೇ ಒಪ್ಪಿಸಿದ್ದೇನೆ. ಫ್ರಿಜ್ಜಿನ ಚಾರ್ಟು ಬಾಗಿಲಿಗೆ ಅಂಟಿಸಿದೆ. ಎರಡರಿಂದ ಎಂಟು ಡಿಗ್ರಿ ಒಳಗಿದೆಯಾ ಅಂತ ನಾಳೆ ಬೆಳಗ್ಗೆ ಬಂದವರು ನೋಡಿ ಬರೆಯಬೇಕು. ನನ್ನ ಫೋನ್ ನಂಬರು ಅದೇ ಇರುತ್ತದೆ. ಸಂದೇಹ ಬಂದರೆ ರೋಗಿಯನ್ನು ಕೂರಿಸಿ ಫೋನ್ ಮಾಡಿ, ಯಾವ ಹೊತ್ತಾದರೂ ಎತ್ತುತ್ತೇನೆ. ಎಲ್ಲರಿಗೂ ನಮಸ್ಕಾರ.