ಇವತ್ತು ನನ್ನ ಕೊನೆಯ ದಿನ, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ,

ಇವತ್ತು ಸಂಜೆ ಐದೂವರೆಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ಎರಡನ್ನೂ ಒಪ್ಪಿಸಿ ಹೊರಡುತ್ತೇನೆ. ಆರು ವರ್ಷ ಮೂರು ತಿಂಗಳು ಈ ಅಕೌಂಟ್ಸ್ ಟೀಮಿನಲ್ಲಿದ್ದೆ. ನಾನು ಹೋಗುವ ವಿಷಯ ನಿಮಗೆಲ್ಲ ಆಗಲೇ ಗೊತ್ತು. ಆದರೂ ಎಲ್ಲರಿಗೂ ಒಟ್ಟಿಗೆ ನಾಲ್ಕು ಮಾತು ಹೇಳದೆ ಸುಮ್ನೆ ಎದ್ದು ಹೋಗಲು ಮನಸ್ಸಾಗಲಿಲ್ಲ.

ಸೇರಿದ ಮೊದಲ ತಿಂಗಳ ಕ್ಲೋಸಿಂಗ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಲೆಡ್ಜರಿಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ 540 ವ್ಯತ್ಯಾಸ ಬರುತ್ತಿತ್ತು. ಮಧ್ಯಾಹ್ನದಿಂದ ಹುಡುಕಿ ಹುಡುಕಿ ಸಾಕಾಗಿತ್ತು. ಯಾರನ್ನಾದರೂ ಕೇಳೋಣ ಅಂದರೆ ಹೊಸಬಳು, ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಸುಧಾ ಮೇಡಂ ಹೊರಟು ನಿಂತಿದ್ದರು, ಬ್ಯಾಗ್ ಹೆಗಲಿಗೇರಿತ್ತು. ನನ್ನ ಮುಖ ನೋಡಿದವರೇ ಬ್ಯಾಗ್ ಇಳಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ವ್ಯತ್ಯಾಸ ಎಷ್ಟು?" ಅಂದರು. ಹೇಳಿದೆ. "ಒಂಬತ್ತರಿಂದ ಭಾಗಿಸಿ ನೋಡು." ಸರಿಯಾಗಿ 60 ಬಂತು, ಶೇಷ ಇಲ್ಲ. "ಹಾಗಾದ್ರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬೇಕು. ಅದನ್ನೇ ಹುಡುಕು" ಅಂದರು. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. 7,281 ಇರಬೇಕಾದ ಕಡೆ 7,821 ಎಂದು ಎಂಟ್ರಿ ಆಗಿತ್ತು.

ಆ ಒಂಬತ್ತರ ಲೆಕ್ಕ ಆಮೇಲೆ ಎಷ್ಟೋ ಸಲ ಉಪಯೋಗಕ್ಕೆ ಬಂತು. ಆದರೆ ನನಗೆ ಅದಕ್ಕಿಂತ ಜಾಸ್ತಿ ನೆನಪಿರುವುದು ಬೇರೆ. ಅಷ್ಟು ಹೊತ್ತೂ ಮೇಡಂ ಒಂದು ಸಲವೂ ನನ್ನ ಕೈಯಿಂದ ಮೌಸ್ ತೆಗೆದುಕೊಳ್ಳಲಿಲ್ಲ. ಅವರೇ ಹುಡುಕಿದ್ದರೆ ಐದು ನಿಮಿಷ ಸಾಕಿತ್ತು, ಬೇಗ ಮನೆಗೂ ಹೋಗಬಹುದಿತ್ತು. ನನಗೇ ಸಿಗಲಿ ಅಂತ ಕಾದರು. ಮೇಡಂ, ಅವತ್ತಿನ ನಂತರ ಈ ಆಫೀಸಿನಲ್ಲಿ ಪ್ರಶ್ನೆ ಕೇಳಲು ನಾನು ಹೆದರಲಿಲ್ಲ. ಹೊಸಬರು ಬಂದಾಗ ನಾನೂ ಹಾಗೇ ಪಕ್ಕದಲ್ಲಿ ಕೂರಲು ಪ್ರಯತ್ನಪಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ, ವರ್ಷದ ಲೆಕ್ಕ ಮುಗಿಸುವ ವಾರದಲ್ಲೇ ಅಪ್ಪನಿಗೆ ಆಪರೇಷನ್ ಆಯಿತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮೇಲ್ ತೆರೆದೆ. ನನ್ನ ಕೆಲಸದ ಪಟ್ಟಿಯಲ್ಲಿ ಒಂದೊಂದು ಸಾಲಿನ ಎದುರಿಗೂ ನಿಮ್ಮಲ್ಲಿ ಒಬ್ಬೊಬ್ಬರ ಹೆಸರಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಕೆಳಗೆ ರಮೇಶ್ ಸರ್ ಬರೆದಿದ್ದು ಒಂದೇ ಸಾಲು: "ಇಲ್ಲಿಯದು ನಾವು ನೋಡಿಕೊಳ್ಳುತ್ತೇವೆ, ನೀವು ಅಲ್ಲೇ ಇರಿ." ಆ ಮೇಲ್ ಅನ್ನು ಅಮ್ಮನಿಗೂ ಓದಿ ಹೇಳಿದ್ದೆ. ನಿಮ್ಮನ್ನು ನೋಡದೇ ಇದ್ದರೂ ನಮ್ಮ ಮನೆಯಲ್ಲಿ ನಿಮ್ಮೆಲ್ಲರ ಹೆಸರೂ ಗೊತ್ತು.

ಈಗ ಅಪ್ಪ ಅಮ್ಮನ ಹತ್ತಿರವೇ ಇರುವ ಹಾಗೆ ಒಂದು ಕೆಲಸ ಸಿಕ್ಕಿದೆ. ಅದಕ್ಕೇ ಹೊರಟೆ. ಸಂತೋಷವಿದೆ, ಆದರೆ ಬೆಳಿಗ್ಗೆಯಿಂದ ಗಂಟಲು ಕಟ್ಟಿದ ಹಾಗಾಗಿದೆ. ಕ್ಲೋಸಿಂಗ್ ಗಡಿಬಿಡಿಯಲ್ಲಿ ಯಾರಿಗಾದರೂ ಖಾರವಾಗಿ ಮಾತಾಡಿದ್ದರೆ ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಇಮ್ರಾನ್, ನಿಮ್ಮ ಟ್ರಾವೆಲ್ ಬಿಲ್ಲನ್ನು ಒಂದೇ ದಿನ ಎರಡು ಸಲ ವಾಪಸ್ ಕಳಿಸಿದ್ದೆ. ಒಂದೇ ಸಲಕ್ಕೆ ಎಲ್ಲ ಹೇಳಬೇಕಿತ್ತು. ಕ್ಷಮಿಸಿ.

ಕೆಲಸದ ವಿಷಯ: ವೆಂಡರ್ ಪೇಮೆಂಟ್‌ಗಳನ್ನು ನಾಳೆಯಿಂದ ವನಿತಾ ನೋಡಿಕೊಳ್ಳುತ್ತಾರೆ, ಬ್ಯಾಂಕ್ ರಿಕನ್ಸಿಲಿಯೇಶನ್ ಕಿರಣ್‌ಗೆ. ಬಾಕಿ ಇರುವ ಎರಡು ಇನ್‌ವಾಯ್ಸ್‌ಗಳ ವಿವರ ಶೇರ್ಡ್ ಡ್ರೈವ್‌ನ ಹ್ಯಾಂಡೋವರ್ ಫೋಲ್ಡರಿನಲ್ಲಿದೆ. ಏನಾದರೂ ಗೊತ್ತಾಗದಿದ್ದರೆ ಫೋನ್ ಮಾಡಿ, ನಂಬರ್ ನಿಮ್ಮ ಹತ್ತಿರ ಇದೆ ಅಲ್ವಾ? ಕೆಲಸವಿಲ್ಲದಿದ್ದರೂ ಮಾಡಿ.

ನಾಲ್ಕು ಗಂಟೆಯಿಂದ ನನ್ನ ಸೀಟಿನ ಹತ್ತಿರವೇ ಇರುತ್ತೇನೆ. ಐದು ನಿಮಿಷ ಬಿಡುವು ಮಾಡಿಕೊಂಡು ಬನ್ನಿ, ಎಲ್ಲರನ್ನೂ ಒಂದು ಸಲ ನೋಡಿ ಹೋಗುವ ಆಸೆ.

ಕಿರಣ್, ನನ್ನ ದೊಡ್ಡ ಕ್ಯಾಲ್ಕುಲೇಟರ್ ನಿಮ್ಮ ಟೇಬಲ್ ಮೇಲೆ ಇಟ್ಟಿದ್ದೇನೆ. ಅದು ನಿಮಗೇ. ಒಂಬತ್ತರ ಬಟನ್ ಸ್ವಲ್ಪ ಗಟ್ಟಿಯಾಗಿ ಒತ್ತಬೇಕು.

ಪ್ರೀತಿಯಿಂದ,
ಅನುಪಮಾ